ಸಾಹೇಬರ ಪಿ.ಎ.ಗೆ ಬರೆಯುವ ನಾಲ್ಕು ಸಾಲು

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮ್ಮದೊಂದು ಮಹಿಳಾ ಸ್ವಸಹಾಯ ಸಂಘ ಇದೆ. ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತೇವೆ. ಡ್ರೈಯರ್ ಕೊಳ್ಳಲು, ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ನೆರವು ಕೇಳಿ ಕಾರವಾರದ ಒಂದು ಕಂಪನಿಗೆ ಜನವರಿ 12ರಂದು ಅರ್ಜಿ ಕೊಟ್ಟಿದ್ದೇವೆ. ಜನರಲ್ ಮ್ಯಾನೇಜರ್ ಸಾಹೇಬರನ್ನು ಕಾಣಬೇಕೆಂದು ಅವರ ಪಿ.ಎ. ಮೇಡಂಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ:

"ಮಾನ್ಯರೇ, ತಮಗೆ ಅನಂತ ನಮಸ್ಕಾರಗಳು. ನಮ್ಮ ಸಂಘವು ಹಲವಾರು ವರ್ಷಗಳಿಂದ ಗ್ರಾಮೀಣ ಮಹಿಳೆಯರ ಏಳಿಗೆಗಾಗಿ ಶ್ರಮಿಸುತ್ತಾ ಬಂದಿರುತ್ತದೆ. ಒಂದು ಮಹತ್ವದ ವಿಷಯದ ಬಗ್ಗೆ ಮಾನ್ಯ ಸಾಹೇಬರೊಂದಿಗೆ ಕೂಲಂಕಷವಾಗಿ ಚರ್ಚಿಸಬೇಕಾಗಿರುತ್ತದೆ. ತಮ್ಮ ಅಮೂಲ್ಯ ಸಮಯದಲ್ಲಿ ಬಿಡುವು ಮಾಡಿಕೊಂಡು ಆದಷ್ಟು ಬೇಗ ಅವಕಾಶ ಮಾಡಿಕೊಡಬೇಕಾಗಿ ಕಳಕಳಿಯ ವಿನಂತಿ. ನಾವು ಯಾವಾಗ ಬೇಕಾದರೂ ಬರಲು ಸಿದ್ಧರಿರುತ್ತೇವೆ."

"ನೋಡಿ ಹೇಳ್ತೇನೆ" ಅಂತ ಬಂತು. ಆಮೇಲೆ ಸುದ್ದಿಯೇ ಇಲ್ಲ. ಚಿಕ್ಕದಾಗಿ ಬರೆದರೆ ಸೊಕ್ಕು ಅಂದುಕೊಂಡಾರು, ಮತ್ತೆ ಕೇಳಿದರೆ ಪೀಡೆ ಅಂದುಕೊಂಡಾರು ಎನ್ನುವ ಅಂಜಿಕೆ. ಹೇಗೆ ಬರೆಯಬೇಕಿತ್ತು?

ಉತ್ತರ: ಮೇಡಂ ನಿಮ್ಮ ಮೇಲೆ ಮುನಿಸಿಕೊಂಡಿಲ್ಲ. ನಿಮ್ಮ ಸಂದೇಶ ಓದಿದ ಮೇಲೆ ಅವರು ಏನು ಮಾಡಬೇಕು ಎನ್ನುವುದೇ ಅದರಲ್ಲಿ ಇಲ್ಲ, ಅಷ್ಟೇ. ನಾನು ಅಂಥದೇ ಕುರ್ಚಿಯಲ್ಲಿ ಬಹಳ ಕಾಲ ಕೂತವಳು. ಆ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳಿದರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

ಭೇಟಿಯ ಕೋರಿಕೆ ಬಂದಾಗ ಪಿ.ಎ. ಮೊದಲು ತೆರೆಯುವುದು ಸಾಹೇಬರ ಕ್ಯಾಲೆಂಡರ್. ಅದರಲ್ಲಿ ಒಂದು ಚೌಕ ತುಂಬಬೇಕು. ಚೌಕಕ್ಕೆ ಒಂದು ಶೀರ್ಷಿಕೆ ಬೇಕು, ಎಷ್ಟು ಹೊತ್ತು ಎನ್ನುವುದು ಬೇಕು, ಯಾರು ಎಷ್ಟು ಮಂದಿ ಬರುತ್ತಾರೆ ಎನ್ನುವುದು ಬೇಕು. ಅದಕ್ಕಿಂತ ಮೊದಲು ಅವರು ಸಾಹೇಬರನ್ನು ಒಂದು ಮಾತು ಕೇಳಬೇಕು. ಸಾಹೇಬರು ಒಂದು ಸಭೆಯಿಂದ ಎದ್ದು ಇನ್ನೊಂದಕ್ಕೆ ಹೋಗುವ ನಡುವೆ, ಬಾಗಿಲ ಹತ್ತಿರ ನಿಂತು ಕೇಳುವ ಮಾತು ಅದು. "ಶಿರಸಿಯಿಂದ ಮಹಿಳಾ ಸಂಘದವರು ಬರ್ತಾರಂತೆ ಸರ್." "ಯಾಕಂತೆ?" ಈ 'ಯಾಕಂತೆ'ಗೆ ಅವರ ಹತ್ತಿರ ಉತ್ತರ ಇರಬೇಕು. ನಿಮ್ಮ ಸಂದೇಶದಲ್ಲಿ ಇರುವುದು 'ಒಂದು ಮಹತ್ವದ ವಿಷಯ'. ಅದನ್ನು ಹಿಡಿದುಕೊಂಡು ಅವರು ಒಳಗೆ ಹೋಗಲಾರರು. ನಿಮ್ಮನ್ನೇ ಫೋನ್ ಮಾಡಿ ಕೇಳಬಹುದಿತ್ತಲ್ಲ ಅನ್ನಬಹುದು. ಕೇಳಬಹುದಿತ್ತು. ಆದರೆ ಏನು ವಿಷಯ, ಎಷ್ಟು ಹೊತ್ತು, ಎಷ್ಟು ಜನ, ಯಾವ ದಿನ ಎಂದು ನಾಲ್ಕು ಪ್ರಶ್ನೆ ಕೇಳಬೇಕಾದ ಸಂದೇಶ ಬದಿಗೆ ಸರಿಯುತ್ತದೆ, ಏನೂ ಕೇಳಬೇಕಿಲ್ಲದ ಸಂದೇಶ ಮುಂದೆ ಹೋಗುತ್ತದೆ. "ನೋಡಿ ಹೇಳ್ತೇನೆ" ಎನ್ನುವುದು ಬದಿಗೆ ಸರಿದುದರ ಗುರುತು.

ನಿಮ್ಮ ಸಂದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟ ವಾಕ್ಯ ಯಾವುದು ಗೊತ್ತೇ? ನೀವು ತುಂಬ ವಿನಯದಿಂದ ಬರೆದ ಕೊನೆಯದು. "ಯಾವಾಗ ಬೇಕಾದರೂ ಬರಲು ಸಿದ್ಧ" ಎಂದರೆ ಎದುರಿನವರಿಗೆ ಅನುಕೂಲ ಮಾಡಿಕೊಟ್ಟ ಹಾಗೆ ಎಂದು ಎಲ್ಲರೂ ತಿಳಿಯುತ್ತಾರೆ. ಆಗುವುದು ತಿರುಗುಮುರುಗು. ಹುಡುಕುವ ಕೆಲಸವೆಲ್ಲ ಅವರ ತಲೆಗೆ ಬಂತು. ಅವರು ಒಂದು ದಿನ ಹುಡುಕಿ, ಸಾಹೇಬರ ಒಪ್ಪಿಗೆ ಪಡೆದು ನಿಮಗೆ ತಿಳಿಸುತ್ತಾರೆ. ಆಗ ನೀವು, "ಅಯ್ಯೋ ಆ ದಿನ ಅಧ್ಯಕ್ಷರ ಮನೆಯಲ್ಲಿ ಉಪನಯನ" ಎನ್ನುತ್ತೀರಿ. ಅವರು ಮತ್ತೊಮ್ಮೆ ಬಾಗಿಲ ಹತ್ತಿರ ನಿಲ್ಲಬೇಕು. ಒಮ್ಮೆ ಹೀಗೆ ಕೈ ಸುಟ್ಟುಕೊಂಡ ಪಿ.ಎ. 'ಯಾವಾಗ ಬೇಕಾದರೂ' ಎನ್ನುವವರನ್ನು ನಂಬುವುದಿಲ್ಲ. ಅದೂ ಅಲ್ಲದೆ, ಆ ಮಾತು ನಿಜವೂ ಅಲ್ಲ. ಶಿರಸಿಯಿಂದ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟಲು ಮೂರು ತಾಸಿನ ಮೇಲೆ ಬೇಕು. ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ ಅಂದರೆ ನೀವು ಬರಲಾರಿರಿ. ಸಂಜೆ ಐದೂವರೆಗೆ ಅಂದರೆ ವಾಪಸು ಮನೆ ಮುಟ್ಟುವ ಚಿಂತೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜಾತ್ರೆಯ ವಾರದಲ್ಲಿ ಶಿರಸಿಯವರನ್ನು ಯಾರೂ ಎಲ್ಲಿಗೂ ಕರೆಯುವ ಹಾಗಿಲ್ಲ. ಹಾಗಾಗಿ ನಿಮಗೆ ಖಂಡಿತ ಬರಲು ಆಗುವ ಮೂರು ದಿನ ಕೊಡಿ, ದಿನದಲ್ಲಿ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದೂ ಹೇಳಿ. ಮೂರರಲ್ಲಿ ಒಂದನ್ನು ಆರಿಸುವುದು ಅರ್ಧ ನಿಮಿಷದ ಕೆಲಸ.

ಮೂರೇ ಯಾಕೆ? ಒಂದೇ ದಿನ ಕೊಟ್ಟರೆ ಅಪ್ಪಣೆ ಮಾಡಿದಂತೆ ಕೇಳುತ್ತದೆ, ಮತ್ತು ಆ ದಿನ ಸಾಹೇಬರು ಊರಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಂತಿತು. ಆರೇಳು ದಿನ ಕೊಟ್ಟರೆ ಅಷ್ಟನ್ನೂ ನೀವು ಖಾಲಿ ಇಟ್ಟುಕೊಳ್ಳಬೇಕು, ಅದು ನಿಮ್ಮಿಂದ ಆಗದ ಮಾತು. ಮೂರೂ ಒಂದೇ ವಾರದಲ್ಲಿ ಇರುವುದು ಬೇಡ. ಸಾಹೇಬರು ಪ್ರವಾಸ ಹೊರಟರೆ ವಾರಕ್ಕೆ ವಾರವೇ ಹೋಗುತ್ತದೆ. ಸೋಮವಾರ ಬಿಡಿ, ಹೆಚ್ಚಿನ ಕಚೇರಿಗಳಲ್ಲಿ ವಾರದ ಸಭೆಗಳು ಅಂದೇ. ತಿಂಗಳ ಕೊನೆಯ ದಿನಗಳನ್ನೂ ಬಿಡಿ. ಮಾರ್ಚ್ ಅಂತೂ ಕೇಳಲೇಬೇಡಿ, 31ಕ್ಕೆ ಹಣಕಾಸು ವರ್ಷ ಮುಗಿಯುವ ಗಡಿಬಿಡಿಯಲ್ಲಿ ಹೊಸ ಮುಖ ಕಾಣಲು ಯಾರಿಗೂ ಮನಸ್ಸಿರುವುದಿಲ್ಲ.

ಇನ್ನು 'ಕೂಲಂಕಷ ಚರ್ಚೆ'. ಇದನ್ನು ಓದಿದ ಪಿ.ಎ.ಗೆ ಒಂದು ತಾಸು ಅನ್ನಿಸುತ್ತದೆ. ಸಾಹೇಬರ ದಿನದಲ್ಲಿ ಒಂದು ತಾಸಿನ ಖಾಲಿ ಜಾಗ ಸಿಗುವುದು ಅಪರೂಪ, ಸಿಕ್ಕರೂ ಅದು ಇನ್ನೂ ದೊಡ್ಡ ಕೆಲಸಕ್ಕೆ ಹೋಗುತ್ತದೆ. ನಿಮಗೆ ನಿಜವಾಗಿ ಬೇಕಾದದ್ದು ಎಷ್ಟು ಹೊತ್ತು? ನೀವು ಕೊಟ್ಟ ಅರ್ಜಿ ಅವರ ಹತ್ತಿರ ಇದೆ. ಮಾತಾಡಬೇಕಾದದ್ದು ಒಂದೇ ವಿಷಯ. ಇಪ್ಪತ್ತು ನಿಮಿಷ ಸಾಕು. ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಅರ್ಧ ತಾಸಿನ ಚೌಕಗಳು ಇರುತ್ತವೆ. ಇಪ್ಪತ್ತು ನಿಮಿಷದ ಭೇಟಿ ಅದರಲ್ಲಿ ಕೂತು, ಮುಂದಿನವರು ಬರುವ ಮೊದಲು ಸಾಹೇಬರಿಗೆ ಒಂದು ಫೋನ್ ಮಾಡಲು ಹೊತ್ತು ಉಳಿಯುತ್ತದೆ. ಪಿ.ಎ.ಗಳಿಗೆ ಈ ಲೆಕ್ಕ ಇಷ್ಟ. ಆದರೆ "ಐದೇ ನಿಮಿಷ" ಎಂದು ಮಾತ್ರ ಬರೆಯಬೇಡಿ. ಐದು ನಿಮಿಷ ಎಂದು ಒಳಗೆ ಹೋಗಿ ಮುಕ್ಕಾಲು ತಾಸು ಕೂತವರನ್ನು ಆ ಕುರ್ಚಿ ಬಹಳ ನೋಡಿದೆ. ಅಲ್ಲದೆ ಐದು ನಿಮಿಷಕ್ಕಾಗಿ ಘಟ್ಟ ಇಳಿದು ಬರುತ್ತಾರೆ ಎಂದರೆ ಯಾರೂ ನಂಬುವುದಿಲ್ಲ.

ಈಗ ಮುಖ್ಯವಾದದ್ದು, ಅದೇ 'ಯಾಕಂತೆ'. ಇಲ್ಲಿ ಸ್ವಲ್ಪ ನಿಲ್ಲಬೇಕು. "ಡ್ರೈಯರ್ ಬಗ್ಗೆ ಮಾತಾಡಲು" ಎಂದು ಬರೆದರೂ ಸಾಲದು. ಸಾಹೇಬರು ಏನು ಮಾಡಬೇಕು? ಡ್ರೈಯರ್ ಕೊಡಿಸಬೇಕೇ? ಅದು ಬಹುಶಃ ಅವರ ಕೈಯಲ್ಲಿ ಇಲ್ಲ. ಸಿಎಸ್‌ಆರ್ ಖರ್ಚು 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಡೆಯುವಂಥದ್ದು, ಮಂಜೂರಾತಿ ಕಂಪನಿಯ ಆಡಳಿತ ಮಂಡಳಿಯ ಮಟ್ಟದಲ್ಲಿ ಆಗುತ್ತದೆ. ಕಾರವಾರದಲ್ಲಿ ಕೂತ ಜನರಲ್ ಮ್ಯಾನೇಜರ್ ಸಾಮಾನ್ಯವಾಗಿ ಮಾಡಬಲ್ಲದ್ದು ಶಿಫಾರಸು. ಆದ್ದರಿಂದ ಅದನ್ನೇ ಕೇಳಿ: ಈ ಅರ್ಜಿಗೆ ಸಾಹೇಬರ ಶಿಫಾರಸು ಸಿಗಬಹುದೇ? ಇದಕ್ಕೆ ಹೌದು ಅಥವಾ ಇಲ್ಲ ಎನ್ನಬಹುದು. ಪಿ.ಎ. ಬಾಗಿಲ ಹತ್ತಿರ ನಿಂತು ಒಂದೇ ಉಸಿರಿನಲ್ಲಿ ಹೇಳಬಹುದು. ಭೇಟಿಯಿಂದ ಹೊರಬಿದ್ದಾಗ ನಿಮಗೂ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ತಿಳಿದಿರುತ್ತದೆ. ಎದುರಿನವರ ಕೈಯಲ್ಲಿ ಇಲ್ಲದ್ದನ್ನು ಕೇಳುವ ಭೇಟಿಗಳೇ "ನೋಡೋಣ" ಎನ್ನುವಲ್ಲಿಗೆ ಮುಗಿಯುವುದು.

'ಆದಷ್ಟು ಬೇಗ' ಎನ್ನುವ ಕಡೆ ತಾರೀಕು ಇರಲಿ, ತಾರೀಕಿನ ಹಿಂದೆ ಕಾರಣ ಇರಲಿ. ನಿಮ್ಮ ಹತ್ತಿರ ಒಳ್ಳೆಯ ಕಾರಣವೇ ಇದೆ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಜೂನ್ ಹೊತ್ತಿಗೆ ಮಳೆ ಹಿಡಿದರೆ ಬಿಸಿಲಿಗೆ ಹರಡಿದ ಸಿಪ್ಪೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಡ್ರೈಯರ್. ಆದರೆ ಇಲ್ಲೊಂದು ಎಚ್ಚರ. ಫೆಬ್ರವರಿಯಲ್ಲಿ ಭೇಟಿಯಾಗಿ ಏಪ್ರಿಲ್‌ಗೆ ಡ್ರೈಯರ್ ಬಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕಬೇಡಿ, ಹಾಗೆಂದು ಬರೆಯಲೂ ಬೇಡಿ. ಬರೆದರೆ ಕಂಪನಿಗಳ ಮಂಜೂರಾತಿಯ ನಡೆ ನಿಮಗೆ ಗೊತ್ತಿಲ್ಲ ಎಂದು ಮೇಡಂಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಗಡುವು ಇರುವುದು ಹಣಕ್ಕಲ್ಲ, ಉತ್ತರಕ್ಕೆ. ಶಿಫಾರಸು ಇದೆಯೋ ಇಲ್ಲವೋ ಫೆಬ್ರವರಿ ನಡುವಿಗೆ ತಿಳಿದರೆ ಈ ಸಲದ ಹಂಗಾಮಿಗೆ ನೀವು ಬೇರೆ ವ್ಯವಸ್ಥೆ ನೋಡಿಕೊಳ್ಳಬಹುದು. ಇದು ಪ್ರಾಮಾಣಿಕ ಗಡುವು. ಸುಳ್ಳು ತುರ್ತು ಹಚ್ಚಿದವರನ್ನು ಪಿ.ಎ.ಗಳು ಬೇಗ ಗುರುತಿಸುತ್ತಾರೆ.

ಇಷ್ಟೆಲ್ಲ ಸೇರಿಸಿ ಬರೆದರೆ ಉದ್ದ ಆಗುವುದಿಲ್ಲವೇ ಎಂದು ಕೇಳಬೇಡಿ. ನೋಡಿ. ಇದು ಇಮೇಲ್‌ಗೆ:

"ವಿಷಯ: ಜಿ.ಎಂ. ಭೇಟಿಗೆ 20 ನಿಮಿಷ, ಮುರುಗಲು ಡ್ರೈಯರ್ ಅರ್ಜಿ, ಫೆಬ್ರವರಿ 13ರೊಳಗೆ

ನಮಸ್ಕಾರ ಮೇಡಂ,

ನಾನು ಶಿರಸಿ ತಾಲೂಕಿನ (ಊರು) ಮಹಿಳಾ ಸ್ವಸಹಾಯ ಸಂಘದ ಕಾರ್ಯದರ್ಶಿ. ಮುರುಗಲು ಸಿಪ್ಪೆ ಒಣಗಿಸುವ ಡ್ರೈಯರ್‌ಗೆ ಸಿಎಸ್‌ಆರ್ ನೆರವು ಕೋರಿ ಜನವರಿ 12ರಂದು ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ ಸಾಹೇಬರ ಶಿಫಾರಸು ಸಿಗಬಹುದೇ ಎಂದು ಕೇಳಲು 20 ನಿಮಿಷದ ಭೇಟಿ ಸಾಧ್ಯವೇ?

ಫೆಬ್ರವರಿ 3 ಮಂಗಳವಾರ, 5 ಗುರುವಾರ, 10 ಮಂಗಳವಾರ, ಈ ಮೂರು ದಿನ ಬೆಳಿಗ್ಗೆ 11.30ರಿಂದ ಸಂಜೆ 4ರ ನಡುವೆ ಕಾರವಾರದಲ್ಲಿ ಇರಬಲ್ಲೆವು. ಅಧ್ಯಕ್ಷರು ಮತ್ತು ನಾನು, ಇಬ್ಬರು ಬರುತ್ತೇವೆ. ಹಣ್ಣಿನ ಹಂಗಾಮಿಗೆ ಮೊದಲು ತಯಾರಿ ಆಗಬೇಕಾದ್ದರಿಂದ 13ರೊಳಗೆ ಆದರೆ ಉಪಕಾರ.

ಒಂದು ಪುಟದ ವಿವರ ಜೊತೆಗಿದೆ. ಇದನ್ನು ಬೇರೆ ಅಧಿಕಾರಿ ನೋಡುವುದಾದರೆ ಅವರ ಹೆಸರು ತಿಳಿಸಿ, ಅವರನ್ನೇ ಕಾಣುತ್ತೇವೆ.

(ಹೆಸರು, ಮೊಬೈಲ್)"

ನಿಮ್ಮ ಮೊದಲ ಸಂದೇಶಕ್ಕಿಂತ ಇದು ಉದ್ದವೇ ಇದೆ. ಆದರೆ ಕೆಲಸಕ್ಕೆ ಬಾರದ ಸಾಲು ಒಂದೂ ಇಲ್ಲ. ಸಂದೇಶ ಎಷ್ಟು ಚಿಕ್ಕದು ಎನ್ನುವುದನ್ನು ಸಾಲು ಎಣಿಸಿ ಅಳೆಯುವುದಕ್ಕಿಂತ, ಓದಿದವರು ತಿರುಗಿ ಎಷ್ಟು ಪ್ರಶ್ನೆ ಕೇಳಬೇಕಾಗುತ್ತದೆ ಎಂದು ಅಳೆಯಿರಿ. ಇಲ್ಲಿ ಒಂದೂ ಇಲ್ಲ. ಮೇಡಂ "5ನೇ ತಾರೀಕು 3.15" ಎಂದಷ್ಟೇ ಬರೆದರೆ ಕೆಲಸ ಮುಗಿಯಿತು.

ವಿಷಯದ ಸಾಲನ್ನು ಉದ್ದೇಶಪೂರ್ವಕವಾಗಿ ಹಾಗೆ ಬರೆದಿದ್ದೇನೆ. ಪಿ.ಎ. ಬೆಳಿಗ್ಗೆ ಇಮೇಲ್ ಪಟ್ಟಿಯನ್ನು ಕಣ್ಣಾಡಿಸುವಾಗ ತೆರೆಯದೆಯೇ ಕಾಣುವುದು ಆ ಸಾಲು ಮಾತ್ರ. 'ವಿನಂತಿ ಪತ್ರ' ಎಂದು ಬರೆದ ಹತ್ತು ಇಮೇಲ್‌ಗಳ ನಡುವೆ ಎಷ್ಟು ಹೊತ್ತು, ಏನು, ಯಾವಾಗಿನ ಒಳಗೆ ಎಂದು ಹೇಳುವ ಸಾಲು ತಾನಾಗಿ ಕೈಗೆ ಸಿಗುತ್ತದೆ. ವಾರ ಕಳೆದು ಹುಡುಕುವಾಗಲೂ 'ಮುರುಗಲು' ಎಂದು ಹೊಡೆದರೆ ಬರುತ್ತದೆ.

ತಾರೀಕಿನ ಜೊತೆ ವಾರದ ಹೆಸರು ಬರೆದದ್ದಕ್ಕೂ ಕಾರಣ ಉಂಟು. ಎರಡರಲ್ಲಿ ಒಂದು ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. "5 ಶುಕ್ರವಾರ" ಎಂದು ಬರೆದಿದ್ದರೆ ಮೇಡಂ ಗುರುವಾರವೋ ಶುಕ್ರವಾರವೋ ಎಂದು ನಿಮ್ಮನ್ನು ಕೇಳಬೇಕಾಗುತ್ತದೆ, ಆದರೆ ತಪ್ಪು ದಿನ ಬಂದು ಗೇಟಿನಲ್ಲಿ ನಿಲ್ಲುವುದು ತಪ್ಪುತ್ತದೆ. ಕಳಿಸುವ ಮೊದಲು ಕ್ಯಾಲೆಂಡರ್ ನೋಡಿ ತಾಳೆ ಹಾಕಿ. 'ನಾಳೆ', 'ನಾಡಿದ್ದು', 'ಬರೋ ವಾರ' ಇವು ಬರವಣಿಗೆಯಲ್ಲಿ ಬೇಡವೇ ಬೇಡ. ರಾತ್ರಿ ಒಂಬತ್ತಕ್ಕೆ ನೀವು ಕಳಿಸಿದ 'ನಾಳೆ'ಯನ್ನು ಅವರು ಓದುವುದು ಮರುದಿನ ಬೆಳಿಗ್ಗೆ.

ಈಗ ಮರ್ಯಾದೆಯ ಮಾತು. ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ, ನಮ್ಮ ಕಡೆ ಪತ್ರ ಎಂದರೆ ಎರಡು ಸಾಲು ಕುಶಲ ಕೇಳಿಯೇ ವಿಷಯಕ್ಕೆ ಬರುವ ರೂಢಿ. ಆದರೆ ಕಚೇರಿಯ ಪತ್ರಕ್ಕೆ ಒಂದು ನಮಸ್ಕಾರ, ನೀವು ಎನ್ನುವ ಬಹುವಚನ, 'ಸಾಧ್ಯವೇ' ಎಂದು ಕೇಳುವ ಧಾಟಿ, ಇಷ್ಟಿದ್ದರೆ ಯಾರೂ ಸೊಕ್ಕು ಎನ್ನುವುದಿಲ್ಲ. 'ಮಾನ್ಯ', 'ಅಮೂಲ್ಯ', 'ಕಳಕಳಿಯ' ಇವನ್ನೆಲ್ಲ ತೆಗೆದರೂ ಮೇಲಿನ ಪತ್ರ ಒರಟಾಗಿಲ್ಲ ನೋಡಿ. ನನ್ನ ಅನುಭವದಲ್ಲಿ ನಿಜವಾದ ಮರ್ಯಾದೆ ಇದ್ದದ್ದು ಕೊನೆಯ ಸಾಲಿನಂಥದ್ದರಲ್ಲಿ: ಬೇರೆ ಅಧಿಕಾರಿ ನೋಡುವುದಾದರೆ ಅವರನ್ನೇ ಕಾಣುತ್ತೇವೆ. ಎಷ್ಟೋ ಸಲ ಪಿ.ಎ. ಸುಮ್ಮನಿರುವುದು ಇಲ್ಲ ಎನ್ನಲು ಮುಜುಗರವಾಗಿ. ಈ ಸಾಲು ಆ ಮುಜುಗರವನ್ನು ತೆಗೆಯುತ್ತದೆ. ಸಾಹೇಬರನ್ನು ಕಾಣಿಸಲು ಆಗದಿದ್ದರೂ ಸಿಎಸ್‌ಆರ್ ನೋಡುವ ಅಧಿಕಾರಿಯ ಹೆಸರು ಕೊಟ್ಟು ಅವರು ನಿಮಗೆ ನೆರವಾಗಬಹುದು. ನಿಮ್ಮಂಥ ಅರ್ಜಿಗೆ ಎಷ್ಟೋ ಕಡೆ ಅದೇ ಹತ್ತಿರದ ದಾರಿ.

ಮರ್ಯಾದೆ ಕೆಡುವುದು ಬೇರೆ ಕಡೆ. ಮೇಡಂಗೆ ಬರೆದ ದಿನವೇ ಸಾಹೇಬರ ಖಾಸಗಿ ನಂಬರಿಗೂ ಅದನ್ನೇ ಕಳಿಸುವುದು ಒಂದು. ಸಾಹೇಬರು ಅದನ್ನು ಮೇಡಂಗೇ ದಾಟಿಸುತ್ತಾರೆ, ತಮ್ಮ ಮೇಲೆ ನಂಬಿಕೆ ಇಲ್ಲ ಎಂದು ಅವರಿಗೆ ಅನ್ನಿಸುತ್ತದೆ. "ಶಾಸಕರೂ ಹೇಳಿದ್ದಾರೆ" ಎಂದು ಒಂದು ಮಾತು ತೂರಿಸುವುದು ಇನ್ನೊಂದು. ಹಾಗೆ ಬರೆದರೆ ಪಿ.ಎ. ಅದು ನಿಜವೇ ಎಂದು ವಿಚಾರಿಸಬೇಕು, ಸಾಹೇಬರಿಗೆ ಹೇಗೆ ತಿಳಿಸುವುದು ಎಂದು ಯೋಚಿಸಬೇಕು. ಹಗುರವಾಗಿದ್ದ ಕೋರಿಕೆ ಭಾರವಾಯಿತು. ನಿಜವಾಗಿ ಯಾರೋ ಕಾಣಲು ಹೇಳಿದ್ದರೆ ಅವರ ಪತ್ರವನ್ನು ಲಗತ್ತಿಸಿ, ಒಂದು ಸಾಲಿನಲ್ಲಿ ಹೇಳಿ ಬಿಟ್ಟುಬಿಡಿ. ಹಾಂ, "ಬರುವಾಗ ನಿಮಗೊಂದು ಬಾಟಲಿ ಮುರುಗಲು ಪಾನಕ ತರುತ್ತೇವೆ" ಎನ್ನುವುದೂ ಬೇಡ. ಮನಸ್ಸು ಒಳ್ಳೆಯದೇ, ಆದರೆ ಬರವಣಿಗೆಯಲ್ಲಿ ಅದು ಬೇರೆ ಥರ ಕಾಣುತ್ತದೆ.

ವಾಟ್ಸಾಪ್ ಬಿಡಬೇಕೇ? ಬೇಡ. ಈಗಾಗಲೇ ಅಲ್ಲಿ ಮಾತು ಶುರುವಾಗಿದೆ. ಆದರೆ ಪತ್ರ ಇಮೇಲ್‌ನಲ್ಲೇ ಇರಲಿ, ಯಾಕೆಂದರೆ ಅದನ್ನು ಲಗತ್ತಿನ ಸಮೇತ ಸಾಹೇಬರಿಗೋ ಸಿಎಸ್‌ಆರ್ ಅಧಿಕಾರಿಗೋ ದಾಟಿಸುವುದು ಸುಲಭ. ವಾಟ್ಸಾಪ್‌ನಲ್ಲಿ ಒಂದೇ ಸಂದೇಶ, ಇಮೇಲ್ ಕಳಿಸಿದ ಮೇಲೆ:

"ನಮಸ್ಕಾರ ಮೇಡಂ. ಜಿ.ಎಂ. ಸಾಹೇಬರ 20 ನಿಮಿಷದ ಭೇಟಿಗೆ ವಿವರವಾಗಿ ಇಮೇಲ್ ಕಳಿಸಿದ್ದೇನೆ (ಮುರುಗಲು ಡ್ರೈಯರ್ ಅರ್ಜಿ). ನಮಗೆ ಆಗುವ ದಿನಗಳು ಫೆ. 3, 5, 10. ಬಿಡುವಾದಾಗ ನೋಡಿ."

'ಹಾಯ್ ಮೇಡಂ' ಎಂದು ಒಂದು, 'ಇದ್ದೀರಾ' ಎಂದು ಇನ್ನೊಂದು, ವಿಷಯ ಮೂರನೆಯದರಲ್ಲಿ, ಹೀಗೆ ತುಂಡು ತುಂಡಾಗಿ ಕಳಿಸಬೇಡಿ. ಧ್ವನಿ ಸಂದೇಶವೂ ಬೇಡ. ಸಭೆಯ ಪಕ್ಕದ ಕೋಣೆಯಲ್ಲಿ ಕೂತವರು ಅದನ್ನು ಕೇಳಲಾರರು.

ಭಾಷೆಯ ಬಗ್ಗೆ ಒಂದು ಮಾತು. ಮೇಡಂ ಕನ್ನಡದವರು, ಸರಿ. ಸಾಹೇಬರು ಹೊರ ರಾಜ್ಯದವರಿರಬಹುದು, ಶಿಫಾರಸು ಹೋಗುವ ಮುಖ್ಯ ಕಚೇರಿ ಮುಂಬೈಯಲ್ಲೋ ದಿಲ್ಲಿಯಲ್ಲೋ ಇರಬಹುದು. ಪತ್ರ ಕನ್ನಡದಲ್ಲೇ ಇರಲಿ, ಒಂದು ಪುಟದ ವಿವರವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಡಿ. ಇಲ್ಲದಿದ್ದರೆ ಅನುವಾದದ ಕೆಲಸ ಮೇಡಂ ಮೇಲೆ ಬೀಳುತ್ತದೆ, ಅದು ಆಗುವ ತನಕ ನಿಮ್ಮ ಕಡತ ನಿಲ್ಲುತ್ತದೆ. ಆ ಪುಟದಲ್ಲಿ ಎಷ್ಟು ಸದಸ್ಯರು, ವರ್ಷಕ್ಕೆ ಎಷ್ಟು ಕ್ವಿಂಟಲ್ ಹಣ್ಣು, ಡ್ರೈಯರ್‌ನ ಕೊಟೇಶನ್ ಎಷ್ಟು, ಸಂಘ ತಾನು ಎಷ್ಟು ಹಾಕುತ್ತದೆ ಎಂದು ಇರಲಿ. ನೆರವು ಯಾರ ಮೂಲಕ ಬರಬೇಕು ಎನ್ನುವುದನ್ನೂ ಬರೆಯಿರಿ. ಕಂಪನಿ ಬೇರೆ ಸಂಸ್ಥೆಯ ಮೂಲಕ ಸಿಎಸ್‌ಆರ್ ಕೆಲಸ ಮಾಡಿಸುವುದಾದರೆ ಆ ಸಂಸ್ಥೆಗೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಎನ್ನುವ ನೋಂದಣಿ ಇರಬೇಕು, ಸ್ವಸಹಾಯ ಸಂಘಕ್ಕೆ ಸಾಮಾನ್ಯವಾಗಿ ಅದು ಇರುವುದಿಲ್ಲ. ನೋಂದಣಿ ಇರುವ ಟ್ರಸ್ಟ್ ಅಥವಾ ಸೊಸೈಟಿ ಒಂದು ನಿಮ್ಮ ಜೊತೆ ನಿಲ್ಲಲು ಒಪ್ಪಿದ್ದರೆ ಅದನ್ನು ಬರೆಯಿರಿ. ಭೇಟಿಯಲ್ಲಿ ಏಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಮತ್ತೆ ಕೇಳುವುದು ಪೀಡೆಯೇ? ಹೇಗೆ ಕೇಳುತ್ತೀರಿ ಎನ್ನುವುದರ ಮೇಲೆ. "ನನ್ನ ಮೆಸೇಜ್ ನೋಡಿದ್ರಾ ಮೇಡಂ?" ಎನ್ನುವುದು ಪೀಡೆ. ನೀಲಿ ಗೆರೆ ಬಂದದ್ದು ನಿಮಗೂ ಕಂಡಿದೆ, ಅವರಿಗೂ ಗೊತ್ತು. ಮೂರು ಕೆಲಸದ ದಿನ ಬಿಡಿ, ಆಮೇಲೆ ಅದೇ ಇಮೇಲ್‌ಗೆ ಉತ್ತರದ ರೂಪದಲ್ಲಿ ಬರೆಯಿರಿ. ಹೊಸದಾಗಿ ಬರೆದರೆ ಹಳೆಯದನ್ನು ಅವರು ಹುಡುಕಬೇಕು. ಎರಡನೇ ಪತ್ರ ಅವರ ಕೆಲಸವನ್ನು ಮೊದಲಿಗಿಂತ ಹಗುರ ಮಾಡಬೇಕು:

"ನಮಸ್ಕಾರ ಮೇಡಂ. ಕೆಳಗಿನ ಕೋರಿಕೆಯ ಬಗ್ಗೆ. ಫೆ. 3 ತೀರ ಹತ್ತಿರ ಬಂದದ್ದರಿಂದ ಅದನ್ನು ಬಿಟ್ಟಿದ್ದೇವೆ. 5 ಗುರುವಾರ ಮತ್ತು 10 ಮಂಗಳವಾರ ಇನ್ನೂ ಖಾಲಿ ಇಟ್ಟಿದ್ದೇವೆ. ಎರಡೂ ಆಗದಿದ್ದರೆ 'ಆಗದು' ಎಂದು ತಿಳಿಸಿದರೂ ಸಾಕು. ಸಾಹೇಬರಿಗೆ ಇನ್ನೇನಾದರೂ ವಿವರ ಬೇಕಿದ್ದರೆ ಅಂದೇ ಕಳಿಸುತ್ತೇವೆ."

ಇದಕ್ಕೆ ಬರುವ ಉತ್ತರದಿಂದ "ನೋಡಿ ಹೇಳ್ತೇನೆ"ಯ ಒಳಗುಟ್ಟು ತಿಳಿಯುತ್ತದೆ. ಸಾಹೇಬರನ್ನು ಇನ್ನೂ ಕೇಳಿರದಿದ್ದರೆ ಅಂದೇ ಕೇಳುತ್ತಾರೆ. ವಿವರ ಸಾಲದಿದ್ದರೆ ಯಾವುದು ಬೇಕೆಂದು ಬರೆಯುತ್ತಾರೆ. ಇದಕ್ಕೂ ಮೌನವೇ ಉತ್ತರವಾದರೆ ಒಮ್ಮೆ ಫೋನ್ ಮಾಡಿ. ಸಾಹೇಬರು ಕಚೇರಿಗೆ ಬರುವ ಹೊತ್ತು ಬಿಟ್ಟು, ಊಟದ ಹೊತ್ತೂ ಬಿಟ್ಟು. "ಶಿರಸಿಯ ಮಹಿಳಾ ಸಂಘದಿಂದ ಮಾತಾಡ್ತಿದ್ದೇನೆ ಮೇಡಂ, 20 ನಿಮಿಷದ ಭೇಟಿಗೆ ಇಮೇಲ್ ಮಾಡಿದ್ದೆವು. ಸಾಹೇಬರನ್ನೇ ಕಾಣಬೇಕೋ, ಬೇರೆ ಯಾರನ್ನಾದರೂ ಕಾಣಬೇಕೋ?" ಎಂದು ಕೇಳಿ. ಇದಕ್ಕೂ "ನೋಡ್ತೇನೆ" ಎಂದರೆ ಅದು ಮೆತ್ತಗಿನ ಇಲ್ಲ. ಆ ದಾರಿ ಅಲ್ಲಿಗೆ ಬಿಡಿ. ಸಿಎಸ್‌ಆರ್ ವಿಭಾಗಕ್ಕೆ ನೇರವಾಗಿ ಬರೆಯಿರಿ. ಮೇಡಂ ಮೇಲೆ ದೂರು ಹೇಳಿ ಮಾತ್ರ ಬರೆಯಬೇಡಿ, ಮುಂದಿನ ವರ್ಷವೂ ಆ ಕುರ್ಚಿಯಲ್ಲಿ ಅವರೇ ಇರುತ್ತಾರೆ.

ಮೂರರಲ್ಲಿ ಒಂದು ದಿನ ಸಿಕ್ಕಿತು ಎಂದುಕೊಳ್ಳೋಣ. "5ನೇ ತಾರೀಕು 3.15ಕ್ಕೆ ಬನ್ನಿ" ಎಂದು ಬಂತು. ಕೈಮುಗಿಯುವ ಚಿತ್ರ ಒಂದನ್ನು ಕಳಿಸಿ ಸುಮ್ಮನಾಗುವವರೇ ಹೆಚ್ಚು. ಈ ಕಡೆ ಗೇಟಿನಲ್ಲಿ ಪಾಸ್ ಕೇಳುವ ಕಚೇರಿಗಳು ಕಡಿಮೆ ಇಲ್ಲ, ಪಾಸ್ ಬರೆಸುವುದೂ ಬಹುತೇಕ ಪಿ.ಎ. ಕೆಲಸವೇ. ಆದ್ದರಿಂದ ಅಂದೇ ಹೀಗೆ ಬರೆಯಿರಿ:

"ಧನ್ಯವಾದ ಮೇಡಂ. ಫೆ. 5 ಗುರುವಾರ ಮಧ್ಯಾಹ್ನ 3.15ಕ್ಕೆ ಬರುತ್ತೇವೆ. 3ಕ್ಕೆ ಗೇಟಿನಲ್ಲಿ ಇರುತ್ತೇವೆ. ಬರುವವರು: (ಆಧಾರ್‌ನಲ್ಲಿ ಇದ್ದಂತೆ ಇಬ್ಬರ ಹೆಸರು). ಗಾಡಿ ನಂಬರ್: (ನಂಬರ್). ಉಳಿದ ಎರಡು ದಿನ ನಾವು ಬಿಟ್ಟುಕೊಟ್ಟಿದ್ದೇವೆ."

ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಊರಲ್ಲಿ ಎಲ್ಲರೂ ಕರೆಯುವ ಹೆಸರು ಬರೆದು ಗೇಟಿನಲ್ಲಿ ಬೇರೆ ಹೆಸರಿನ ಚೀಟಿ ತೋರಿಸಿದರೆ, ಕಾವಲಿನವರು ಮೇಡಂಗೇ ಫೋನ್ ಮಾಡುತ್ತಾರೆ. ಇಬ್ಬರು ಎಂದು ಬರೆದು ಐವರು ಹೋಗುವುದೂ ಅಂಥದೇ ಪೇಚು. ಸಂಘದ ಎಲ್ಲರಿಗೂ ಸಾಹೇಬರನ್ನು ಕಾಣುವ ಆಸೆ ಇರುತ್ತದೆ, ಕೋಣೆಯಲ್ಲಿ ಅಷ್ಟು ಕುರ್ಚಿ ಇರುವುದಿಲ್ಲ.

ಕೊನೆಗೆ, ಹೊರಟ ದಿನ ದಾರಿ ಕೈಕೊಟ್ಟರೆ. ಫೆಬ್ರವರಿಯಲ್ಲಿ ಮಳೆಯ ಭಯ ಇಲ್ಲ, ಆದರೆ ದೇವಿಮನೆ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಕು. ತಡವಾಗುತ್ತದೆ ಎಂದು ಖಾತ್ರಿಯಾದ ಕೂಡಲೇ, ಕ್ಷಮೆಯನ್ನು ಒಂದು ಮಾತಿನಲ್ಲಿ ಮುಗಿಸಿ, ಮೇಡಂ ಆರಿಸಬಹುದಾದ ದಾರಿಗಳನ್ನು ಕೊಡಿ:

"ಕ್ಷಮಿಸಿ ಮೇಡಂ, ದೇವಿಮನೆ ಘಾಟಿಯಲ್ಲಿ ಗಾಡಿಗಳು ನಿಂತಿವೆ. 3.15ಕ್ಕೆ ಮುಟ್ಟಲಾರೆವು, 4.15ಕ್ಕೆ ಮುಟ್ಟಬಹುದು. ಅದು ಆಗದಿದ್ದರೆ 3.15ಕ್ಕೇ ಫೋನಿನಲ್ಲಿ 10 ನಿಮಿಷ ಮಾತಾಡಬಹುದೇ, ಅಥವಾ 10 ಮಂಗಳವಾರ ಬರಲೇ?"

ಘಾಟಿಯ ತಿರುವುಗಳಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ. ಇದನ್ನು ಮೊದಲೇ ಬರೆದು ಫೋನಿನಲ್ಲಿ ಇಟ್ಟುಕೊಂಡು ಹೊರಟರೆ, ಹೊತ್ತು ತುಂಬಿ ಕಳಿಸುವುದಷ್ಟೇ ಉಳಿಯುತ್ತದೆ.